ಎರಡೂ ಖರ್ಚು ಸಮ ಮಾಡಿದರೆ ಸಾಕಲ್ವಾ?

ಪ್ರಶ್ನೆ: ಗದಗಿನಲ್ಲಿ ನಮ್ಮದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಕೆಟ್‌ಗಳನ್ನು ಹುಬ್ಬಳ್ಳಿಯಿಂದ ಟೆಂಪೊದಲ್ಲಿ ತರಿಸುತ್ತೇವೆ. ಒಂದು ಸಲಕ್ಕೆ ಎಷ್ಟು ತರಿಸಬೇಕು? ಆರ್ಡರ್ ಖರ್ಚು ಮತ್ತು ಮಾಲು ಇಟ್ಟುಕೊಳ್ಳುವ ಖರ್ಚು ಎರಡನ್ನೂ ಸಮ ಮಾಡಿದರೆ ಉತ್ತರ ಬರುತ್ತೆ ಅಂತಾರೆ. ಹಾಗಿದ್ದರೆ ಕ್ಯಾಲ್ಕುಲಸ್ ಯಾಕೆ ಬೇಕು?

ಉತ್ತರ: ಧಾರವಾಡದಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಮಾಡುವ ನನಗೆ ಈ ಪ್ರಶ್ನೆ ಪ್ರತಿ ವರ್ಷ ಬರುತ್ತೆ. "ಸರ್, ಎರಡೂ ಸಮ ಮಾಡಿದ್ರ ಮುಗೀತಲ್ರೀ, ಡಿಫರೆನ್ಶಿಯೇಷನ್ ಯಾಕ ಬೇಕ್ರೀ?" ಅಂತ ಹಿಂದಿನ ಬೆಂಚಿನಿಂದ ಯಾರಾದರೂ ಕೇಳೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಇವತ್ತು ನಿಮ್ಮ ಬಕೆಟ್ ಲೆಕ್ಕವನ್ನೇ ಇಟ್ಟುಕೊಂಡು ಪೂರ್ತಿ ಬಿಡಿಸಿ ಹೇಳುತ್ತೇನೆ.

ದಿನಕ್ಕೆ 10 ಬಕೆಟ್ ಹೋಗುತ್ತವೆ, ವರ್ಷಕ್ಕೆ 360 ದಿನ ಅಂಗಡಿ ತೆರೆದಿರುತ್ತೆ ಅಂದುಕೊಳ್ಳಿ. ಒಟ್ಟು 3,600 ಬಕೆಟ್. ಟೆಂಪೊ ಬಾಡಿಗೆ, ಹಮಾಲಿ, ಹೋಗಿ ಬರುವ ಖರ್ಚು ಸೇರಿ ಒಂದು ಟ್ರಿಪ್ಪಿಗೆ 1,000 ರೂಪಾಯಿ. ಬಕೆಟ್ 50 ತಂದರೂ ಅಷ್ಟೇ, 500 ತಂದರೂ ಅಷ್ಟೇ. ಒಂದು ಬಕೆಟ್ ನಿಮಗೆ 100 ರೂಪಾಯಿಗೆ ಬೀಳುತ್ತೆ. ಅದನ್ನು ಒಂದು ವರ್ಷ ಇಟ್ಟುಕೊಂಡರೆ ದುಡ್ಡಿನ ಬಡ್ಡಿ 12 ರೂಪಾಯಿ, ಒಡೆಯೋದು, ಬಣ್ಣ ಮಾಸೋದು 8 ರೂಪಾಯಿ. ಒಟ್ಟು 20.

ಒಂದು ಸಲಕ್ಕೆ Q ಬಕೆಟ್ ತಂದರೆ ವರ್ಷಕ್ಕೆ 3600/Q ಟ್ರಿಪ್ ಆಗುತ್ತವೆ. ಬಕೆಟ್ ಬಂದ ದಿನ ಅಂಗಡಿಯಲ್ಲಿ Q ಇರುತ್ತೆ, ದಿನಾ ಹತ್ತತ್ತು ಹೋಗಿ ಕೊನೆಗೆ ಸೊನ್ನೆಗೆ ಇಳಿಯುತ್ತೆ. ಅಂದರೆ ಸರಾಸರಿ ಇರೋದು Q/2. ಈ ಅರ್ಧವನ್ನು ಮರೆತೇ ಎಷ್ಟೋ ಮಂದಿ ಉತ್ತರ ತಪ್ಪುತ್ತಾರೆ. ಹಾಗಾಗಿ ವರ್ಷದ ಖರ್ಚು:

```
T(Q) = 3600000/Q + 10Q
```

ಡಿಫರೆನ್ಶಿಯೇಟ್ ಮಾಡಿ, ಸೊನ್ನೆಗೆ ಸಮ ಮಾಡಿ:

```
-3600000/Q² + 10 = 0
Q² = 360000
Q = 600
```

ಎರಡನೇ ಸಲ ಡಿಫರೆನ್ಶಿಯೇಟ್ ಮಾಡಿದರೆ ಧನ ಸಂಖ್ಯೆ ಬರುತ್ತೆ. ಹಾಗಾಗಿ ಇದು ಅತಿ ಕಡಿಮೆ ಖರ್ಚಿನ ಜಾಗವೇ. 600 ಬಕೆಟ್, ವರ್ಷಕ್ಕೆ ಆರು ಟ್ರಿಪ್. ಟ್ರಿಪ್ಪಿಗೆ 6,000, ಇಟ್ಟುಕೊಳ್ಳೋಕೆ 6,000, ಒಟ್ಟು 12,000.

"ನೋಡಿ ಸರ್, ಎರಡೂ 6,000! ಸಮ ಆಯ್ತಲ್ಲ!" ಅನ್ನುವವರು ಇಲ್ಲೇ ಎದ್ದು ನಿಲ್ಲುತ್ತಾರೆ. ಸಮ ಆಗಿದೆ, ನಿಜ. ಆದರೆ ಸಮ ಆಗಿದ್ದಕ್ಕೆ ಖರ್ಚು ಕಡಿಮೆ ಆಗಿಲ್ಲ.

600ರ ಹತ್ತಿರ ನಿಂತು ನೋಡಿ. ಆರ್ಡರಿಗೆ ಇನ್ನೊಂದು ಬಕೆಟ್ ಸೇರಿಸಿದರೆ ಇಟ್ಟುಕೊಳ್ಳುವ ಖರ್ಚು ವರ್ಷಕ್ಕೆ 10 ರೂಪಾಯಿ ಏರುತ್ತೆ. ಟ್ರಿಪ್ಪಿನ ಖರ್ಚು 3600000/Q² ಲೆಕ್ಕದಲ್ಲಿ ಇಳಿಯುತ್ತೆ. 600ರಲ್ಲಿ ಅದೂ 10 ರೂಪಾಯಿಯೇ. ಏರೋದು 10, ಇಳಿಯೋದು 10, ಅಲ್ಲಿಗೆ ನಿಂತಿತು. 400ರಲ್ಲಿ ನಿಂತಿದ್ದರೆ? ಇಳಿಯೋದು 22 ರೂಪಾಯಿ 50 ಪೈಸೆ, ಏರೋದು ಅದೇ 10. ಇನ್ನೂ ಹೆಚ್ಚಿಗೆ ತರಬೇಕು ಅಂತ ಗೊತ್ತಾಯಿತು. 900ರಲ್ಲಿ ಇಳಿಯೋದು ಸುಮಾರು ನಾಲ್ಕೂವರೆ ಮಾತ್ರ. ಅಲ್ಲಿ ಜಾಸ್ತಿ ಆಯಿತು. ಡಿಫರೆನ್ಶಿಯೇಷನ್ ಹೇಳೋದು ಇಷ್ಟೇ: ಏರುವ ವೇಗ ಮತ್ತು ಇಳಿಯುವ ವೇಗ ಸಮ ಆಗಬೇಕು. ಎರಡು ಖರ್ಚಿನ ಮೊತ್ತ ಸಮ ಆಗಬೇಕು ಅಂತ ಅದು ಎಲ್ಲೂ ಹೇಳಿಲ್ಲ.

ಒಪ್ಪಿಗೆ ಆಗಲಿಲ್ವಾ? ಹಾಗಾದರೆ ಮಾಲಿಗೆ ಅಂತ ಅಂಗಡಿ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೀರಿ ಅಂದುಕೊಳ್ಳಿ. ತಿಂಗಳಿಗೆ 500, ವರ್ಷಕ್ಕೆ 6,000. ಅದೂ ಮಾಲು ಇಟ್ಟುಕೊಳ್ಳುವ ಖರ್ಚೇ ಅಲ್ವಾ? ಈಗ ಆ ಖರ್ಚು 10Q + 6000. "ಸಮ ಮಾಡು" ಅನ್ನುವವರು ಇದನ್ನು 3600000/Qಗೆ ಸಮ ಮಾಡುತ್ತಾರೆ. Q ಸುಮಾರು 371 ಬರುತ್ತೆ. ಟ್ರಿಪ್ಪಿಗೆ ಸುಮಾರು 9,704, ಬಕೆಟ್ ಇಟ್ಟುಕೊಳ್ಳೋಕೆ 3,710, ಕೋಣೆಗೆ 6,000. ಒಟ್ಟು 19,414. ಅದೇ ಕೋಣೆ ಇಟ್ಟುಕೊಂಡು 600 ತಂದಿದ್ದರೆ 18,000ಕ್ಕೆ ಮುಗಿಯುತ್ತಿತ್ತು. ಎರಡೂ ಖರ್ಚು ಸರಿಯಾಗಿ ಸಮ ಮಾಡಿ 1,414 ರೂಪಾಯಿ ಕಳೆದುಕೊಂಡಿರಿ.

ಕೋಣೆಯಲ್ಲಿ 100 ಬಕೆಟ್ ಇಟ್ಟರೂ ಬಾಡಿಗೆ 500, ತುಂಬಿಸಿಟ್ಟರೂ 500. Q ಬದಲಾದರೂ ಬದಲಾಗದ ಖರ್ಚು ಅದು. ಡಿಫರೆನ್ಶಿಯೇಟ್ ಮಾಡಿದ ಕೂಡಲೇ ಅದು ಸೊನ್ನೆಯಾಗಿ ಲೆಕ್ಕದಿಂದ ಹೊರಗೆ ಬೀಳುತ್ತೆ. ಯಾವ ಖರ್ಚು ಸೇರಿಸಬೇಕು, ಯಾವುದು ಬಿಡಬೇಕು ಅನ್ನೋದನ್ನು ಕ್ಯಾಲ್ಕುಲಸ್ ತಾನೇ ನೋಡಿಕೊಳ್ಳುತ್ತೆ. ಬೋರ್ಡಿನ ಮೇಲೆ ಆ 6,000 ಮಾಯವಾದಾಗ ಮಕ್ಕಳ ಮುಖ ನೋಡಬೇಕು. ನನಗೆ ಆ ಪೀರಿಯಡ್ ಅಂದರೆ ಈಗಲೂ ಖುಷಿ.

ಇನ್ನೊಂದು ಉದಾಹರಣೆ ಈರುಳ್ಳಿ. ಅದು ಹಳೆಯದಾದಷ್ಟೂ ಬೇಗ ಬೇಗ ಕೊಳೆಯುತ್ತೆ. ಇಟ್ಟುಕೊಳ್ಳುವ ಖರ್ಚು Qನ ವರ್ಗದಂತೆ ಏರುತ್ತೆ ಅಂತ ಹಿಡಿದರೆ, ಖರ್ಚು ಅತಿ ಕಡಿಮೆ ಇರುವ ಜಾಗದಲ್ಲಿ ಟ್ರಿಪ್ಪಿನ ಖರ್ಚು ಇಟ್ಟುಕೊಳ್ಳುವ ಖರ್ಚಿನ ಎರಡು ಪಟ್ಟು ಇರುತ್ತೆ. ಸಮ ಅಲ್ಲವೇ ಅಲ್ಲ. ನಿಮ್ಮ ಬಕೆಟ್‌ನಲ್ಲಿ ಎರಡೂ ಸಮ ಬಂದದ್ದಕ್ಕೆ ಕಾರಣ ಒಂದು ಖರ್ಚು 1/Q ರೂಪದಲ್ಲಿ, ಇನ್ನೊಂದು Q ರೂಪದಲ್ಲಿ ಇರೋದು. ರೂಪ ಬದಲಾದರೆ ಸಮ ಅನ್ನೋದೂ ಹೋಯಿತು. ಬಕೆಟ್ ಲೆಕ್ಕದಲ್ಲಿ ಮಾಡಿದ ಹಾಗೆ ಒಂದು ಸಲಕ್ಕೆ ಎಷ್ಟು ತರಿಸಬೇಕು ಅಂತ ಹೇಳುವ ಸೂತ್ರವನ್ನು 1913ರಲ್ಲಿ ಅಮೆರಿಕದ ಫೋರ್ಡ್ ಹ್ಯಾರಿಸ್ ಕಾರ್ಖಾನೆಯವರಿಗಾಗಿ ಮೊದಲು ಪ್ರಕಟಿಸಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಬಹಳ ಕಡೆ ವಿಲ್ಸನ್ ಸೂತ್ರ ಅಂತಲೇ ಇದೆ.

ಒಂದು ಮಾತು ನೆನಪಿರಲಿ. ಮಾರಾಟ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಸಮ ಇರುವ ಸಾಮಾನಿಗೆ ಮಾತ್ರ ಈ ಲೆಕ್ಕ. ಶಾಲೆ ಶುರುವಾಗುವಾಗ ಒಮ್ಮೆಲೇ ಖಾಲಿಯಾಗುವ ನೋಟ್‌ಬುಕ್ಕಿಗೆ ಇದನ್ನು ಹಾಕಬೇಡಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. 600 ಅಂದರೆ ಸರಿಯಾಗಿ 600ನ್ನೇ ತರಬೇಕಾ? ಬೇಕಿಲ್ಲ. 450 ತಂದರೆ ಟ್ರಿಪ್ಪಿಗೆ 8,000, ಇಟ್ಟುಕೊಳ್ಳೋಕೆ 4,500. ಒಟ್ಟು 12,500. 800 ತಂದರೆ 4,500 ಮತ್ತು 8,000. ಅದೂ 12,500. ಆರ್ಡರನ್ನು ಕಾಲು ಭಾಗ ಕಡಿಮೆ ಮಾಡಿದರೂ, ಮೂರನೇ ಒಂದು ಭಾಗ ಹೆಚ್ಚು ಮಾಡಿದರೂ ವರ್ಷಕ್ಕೆ ಹೋಗೋದು 500 ರೂಪಾಯಿ ಅಷ್ಟೇ. ಕನಿಷ್ಠದ ಹತ್ತಿರ ಈ ಗೆರೆ ತಟ್ಟೆಯ ತಳದ ಹಾಗೆ ಚಪ್ಪಟೆ.

ಇದರಲ್ಲಿ ಇನ್ನೊಂದನ್ನೂ ಗಮನಿಸಿ. ಕಡಿಮೆ ಕಡೆ 150 ಬಕೆಟ್ ತಪ್ಪಿದ್ದಕ್ಕೆ 500 ರೂಪಾಯಿ ಹೋಯಿತು. ಹೆಚ್ಚಿನ ಕಡೆ ಅಷ್ಟೇ ದುಡ್ಡು ಹೋಗೋಕೆ 200 ತಪ್ಪಬೇಕಾಯಿತು. ಹಾಗಾಗಿ ಅನುಮಾನ ಇದ್ದರೆ ಸ್ವಲ್ಪ ಹೆಚ್ಚಿನ ಕಡೆಗೇ ವಾಲಿ. ಟೆಂಪೊದಲ್ಲಿ ಇನ್ನೂ 50 ಬಕೆಟ್‌ಗೆ ಜಾಗ ಇದೆ ಅಂತ ಡ್ರೈವರ್ ಹೇಳಿದರೆ ಹಾಕಿಸಿಕೊಳ್ಳಿ. 650 ಆದರೆ ವರ್ಷದ ಖರ್ಚು ಸುಮಾರು 12,038. ಜಾಸ್ತಿ ಆಗೋದು 38 ರೂಪಾಯಿ.