ಬೇಲೂರು ಮತ್ತು 1117: ಒಂದು ಶಾಸನ ಎಷ್ಟು ಹೇಳಬಲ್ಲದು?

ಬೇಲೂರಿನ ಚೆನ್ನಕೇಶವ ದೇವಾಲಯ ಯಾವಾಗಿನದು ಎಂದು ಕೇಳಿದರೆ 1117 ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ಸರಿಯೇ. ಆದರೆ ಆ ವರ್ಷ ಇಡೀ ದೇವಾಲಯಕ್ಕೆ ಸಲ್ಲುವುದಿಲ್ಲ. ಇಂದು ನಾವು ನೋಡುವ ಗೋಪುರ, ಜಾಲಂಧ್ರಗಳೆಂಬ ರಂಧ್ರ ಕೊರೆದ ಕಲ್ಲಿನ ಜಾಲರಿಗಳು, ಒಳಗಿನ ಕೆಲವು ಕಂಬಗಳು ಬೇರೆ ಬೇರೆ ಕಾಲದವು. ಒಂದು ಶಾಸನ ಕಟ್ಟಡದ ಯಾವ ಭಾಗಕ್ಕೆ ಸಾಕ್ಷಿ ಎಂಬುದನ್ನು ಮೊದಲು ತೀರ್ಮಾನಿಸದಿದ್ದರೆ, ಸರಿಯಾಗಿ ಓದಿದ ಶಾಸನದಿಂದಲೂ ತಪ್ಪು ಇತಿಹಾಸ ಹುಟ್ಟುತ್ತದೆ.

ಮೊದಲು ವರ್ಷದ ಲೆಕ್ಕ ನೋಡೋಣ. ಹೊಯ್ಸಳ ದೊರೆ ವಿಷ್ಣುವರ್ಧನ ಈ ಗುಡಿಯ ದೇವರಾದ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ್ದನ್ನು ತಿಳಿಸುವ ಶಾಸನದಲ್ಲಿರುವುದು ಶಕವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರ ಮಾಸ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ತಿಥಿ ವರ್ಷದ ಕೊನೆಯ ತಿಂಗಳುಗಳದಾಗಿದ್ದು ಜನವರಿಗೆ ಕಾಲಿಟ್ಟಿದ್ದರೆ 79 ಕೂಡಿಸಬೇಕು. ಇದು ಚೈತ್ರವಾದ್ದರಿಂದ 1117. ಆದರೆ ಲೆಕ್ಕವನ್ನು ಇಲ್ಲಿಗೇ ಬಿಡುವಂತಿಲ್ಲ. ಶಾಸನ ಬರೆಸಿದವರು ಕೆಲವೊಮ್ಮೆ ಕಳೆದುಹೋದ ವರ್ಷವನ್ನೂ ಕೆಲವೊಮ್ಮೆ ನಡೆಯುತ್ತಿರುವ ವರ್ಷವನ್ನೂ ಎಣಿಸುತ್ತಿದ್ದರು. ಹಾಗಾಗಿ ಒಂದು ವರ್ಷದ ವ್ಯತ್ಯಾಸ ಸಲೀಸಾಗಿ ನುಸುಳುತ್ತದೆ.

ಅದನ್ನು ಹಿಡಿಯಲು ಸಂವತ್ಸರದ ಹೆಸರು ನೆರವಾಗುತ್ತದೆ. ಅರವತ್ತು ಸಂವತ್ಸರಗಳ ಚಕ್ರ ನಮ್ಮ ಪಂಚಾಂಗಗಳಲ್ಲಿ ಇಂದಿಗೂ ನಡೆದುಬಂದಿದೆ. 2017ರ ಯುಗಾದಿಗೆ ಆರಂಭವಾದದ್ದು ಹೇವಿಳಂಬಿ. 2017ರಿಂದ 1117 ಕಳೆದರೆ 900, ಅಂದರೆ ಸರಿಯಾಗಿ ಹದಿನೈದು ಚಕ್ರ. 1039 ನಡೆಯುತ್ತಿದ್ದ ವರ್ಷವೆಂದು ಹಿಡಿದಿದ್ದರೆ 1116 ಬರುತ್ತಿತ್ತು, ಅದು ದುರ್ಮುಖಿ. ಹೊಂದುವುದಿಲ್ಲ. ವಾರ, ತಿಥಿ, ಗ್ರಹಣ, ಸಂಕ್ರಮಣ ಇದ್ದರೆ ಅವುಗಳನ್ನೂ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ಎಲ್ಲವೂ ಹೊಂದಿದರೆ ತೇದಿ ಗಟ್ಟಿ. ಹೊಂದದಿದ್ದರೆ ಅಂಕಿ ಸವೆದು ತಪ್ಪಾಗಿ ಓದಿರಬಹುದು, ಇಲ್ಲವೇ ಹಳೆಯ ಶಾಸನವನ್ನು ಮುಂದೆಂದೋ ಮತ್ತೆ ಕೆತ್ತಿಸಿರಬಹುದು. ಮತ್ತೆ ಕೆತ್ತಿಸಿದ್ದು ಅಕ್ಷರಗಳಲ್ಲೇ ಗೊತ್ತಾಗುತ್ತದೆ: ತೇದಿ ಹೇಳುವ ಕಾಲಕ್ಕಿಂತ ಲಿಪಿ ಈಚಿನದಾಗಿರುತ್ತದೆ. ತೇದಿಯೂ ದೊರೆಯ ಹೆಸರೂ ಇಲ್ಲದ ಶಾಸನಗಳಿಗೆ ಲಿಪಿಯೇ ಮುಖ್ಯ ಆಧಾರ. ಆಗ ಅರ್ಧ ಶತಮಾನದಿಂದ ಒಂದು ಶತಮಾನದವರೆಗಿನ ಅಂದಾಜಷ್ಟೇ ಸಾಧ್ಯ.

ಸರಿ, 1117ರಲ್ಲಿ ನಡೆದದ್ದೇನು? ದೇವರ ಪ್ರತಿಷ್ಠೆ. ಪ್ರತಿಷ್ಠೆಗೆ ಗರ್ಭಗುಡಿ ಸಿದ್ಧವಾಗಿದ್ದರೆ ಸಾಕು. ಹೊರಗೋಡೆಯ ಕೆತ್ತನೆ, ಮಂಟಪ, ಪ್ರಾಕಾರದ ಕೆಲಸ ಅದರಾಚೆಗೂ ನಡೆಯುವುದು ಸಾಮಾನ್ಯ. ಆದ್ದರಿಂದ 1117 ಕೆಲಸ ಪೂರ್ತಿ ಮುಗಿದ ವರ್ಷವೂ ಅಲ್ಲ, ಶುರುವಾದ ವರ್ಷವೂ ಅಲ್ಲ.

ಮುಂದಿನ ಸೇರ್ಪಡೆಗಳಲ್ಲಿ ಸುಲಭವಾಗಿ ಗುರುತು ಸಿಗುವುದು ಮಹಾದ್ವಾರದ ಗೋಪುರ. ಮೊದಲಿದ್ದದ್ದು ದಾಳಿಯಲ್ಲಿ ಸುಟ್ಟುಹೋದ ಮೇಲೆ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದನೆಂದು ಶಾಸನವೇ ಹೇಳುತ್ತದೆ. ಶಾಸನವಿಲ್ಲದಿದ್ದರೂ ಅನುಮಾನ ಬರಲೇಬೇಕು. ಒಳಗಿನ ಗುಡಿ ಬಳಪದ ಕಲ್ಲಿನದು, ಗೋಪುರದ ಮೇಲಿನ ಅಂತಸ್ತುಗಳು ಇಟ್ಟಿಗೆ ಗಾರೆಯವು, ಶೈಲಿಯೂ ಬೇರೆ. ಗುಡಿಯೊಳಗೆ ಆಸರೆಗೆಂದು ನಿಲ್ಲಿಸಿದ ಗ್ರಾನೈಟ್ ಕಂಬಗಳೂ ವಿಜಯನಗರದ ಕಾಲದವೇ. ಮೆದುವಾದ ಬಳಪದ ಕಲ್ಲಿನ ಗುಡಿಯಲ್ಲಿ ಒರಟು ಗ್ರಾನೈಟ್ ಕಂಡರೆ, ಅಲ್ಲಿ ದುರಸ್ತಿ ನಡೆದಿದೆಯೇ ಎಂದು ಮೊದಲು ನೋಡಬೇಕು.

ಜಾಲಂಧ್ರಗಳ ವಿಚಾರ ಇಷ್ಟು ಸಲೀಸಲ್ಲ. ಅವೂ ಹೊಯ್ಸಳರ ಕಾಲದವೇ, ಕಲ್ಲು ಮತ್ತು ಶೈಲಿಯೂ ಹತ್ತಿರದವು. ಗರ್ಭಗುಡಿಯ ಮುಂದಿನ ಮಂಟಪವಾದ ನವರಂಗ ಮೊದಲು ತೆರೆದಿತ್ತು, ಅದನ್ನು ವಿಷ್ಣುವರ್ಧನನ ಮೊಮ್ಮಗ ಎರಡನೆಯ ಬಲ್ಲಾಳನ ಕಾಲದಲ್ಲಿ (1173–1220) ಜಾಲಂಧ್ರಗಳಿಂದ ಮುಚ್ಚಲಾಯಿತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇಂಥ ಕಡೆ ನೋಡಬೇಕಾದ್ದು ಕೂಡುಜಾಗವನ್ನು. ಕಂಬದ ಕಡೆತ ಜಾಲಂಧ್ರದ ಅಂಚಿನ ಹಿಂದೆಯೂ ಮುಂದುವರಿದಿದೆಯೇ? ಮಂಟಪದ ಅಂಚಿನ ಒರಗು ಜಗಲಿಯಾದ ಕಕ್ಷಾಸನದ ಕೆತ್ತನೆಯನ್ನು ಕಡಿದು ಚಪ್ಪಡಿ ಕೂರಿಸಿದ್ದಾರೆಯೇ? ಎರಡೂ ಒಂದೇ ಸಲ ಕಟ್ಟಿದ್ದಾದರೆ, ಯಾರಿಗೂ ಕಾಣದ ಜಾಗದಲ್ಲಿ ಶಿಲ್ಪಿ ಕೆತ್ತನೆ ಮಾಡುತ್ತಿರಲಿಲ್ಲ. ಈ ಗುರುತು ಸಿಕ್ಕಿದಲ್ಲಿ ಕಂಬ ಮೊದಲು, ಜಾಲಂಧ್ರ ಆಮೇಲೆ.

ಇದರ ಪರಿಣಾಮ ದೊಡ್ಡದು. ಜಾಲಂಧ್ರದ ಮೇಲಿರುವ ದರ್ಬಾರಿನ ಚಿತ್ರವನ್ನು ವಿಷ್ಣುವರ್ಧನ ಮತ್ತು ಶಾಂತಲೆಯೆಂದು ತೋರಿಸುವುದುಂಟು. ಅವರೇ ಆಗಿರಬಹುದು, ಮೊಮ್ಮಗ ಅಜ್ಜನನ್ನು ನೆನೆದು ಕೆತ್ತಿಸಿರಲೂಬಹುದು. ಆದರೆ ಅದಕ್ಕೆ 1117ರ ಶಾಸನವನ್ನು ಪುರಾವೆಯಾಗಿ ಕೊಡುವಂತಿಲ್ಲ. ದೇವಾಲಯ ಕಟ್ಟಲು 103 ವರ್ಷ ಹಿಡಿಯಿತು ಎಂಬ ಜನಪ್ರಿಯ ಮಾತನ್ನೂ ಇದೇ ಎಚ್ಚರದಿಂದ ನೋಡಬೇಕು. ಮೂಲ ಕಟ್ಟಡದ ಕೆಲಸಕ್ಕೆ ಮುಂದಿನ ತಲೆಮಾರುಗಳ ಸೇರ್ಪಡೆಗಳನ್ನು ಕೂಡಿಸಿಬಿಟ್ಟರೆ ಯಾವ ದೇವಾಲಯಕ್ಕೂ ನೂರಾರು ವರ್ಷ ಹಿಡಿದಂತೆ ಕಾಣುತ್ತದೆ.

ಕಟ್ಟಿಸಿದವರು ಯಾರೆಂಬ ಪ್ರಶ್ನೆಯಲ್ಲೂ ಶಾಸನವನ್ನು ಕೊನೆಯವರೆಗೆ ಓದಬೇಕು. ಕಲ್ಯಾಣ ಚಾಲುಕ್ಯರ ಹಾಗೂ ಹೊಯ್ಸಳರ ಶಾಸನಗಳು ಸಾಮಾನ್ಯವಾಗಿ ಆಳುವ ದೊರೆಯ ಬಿರುದುಗಳಿಂದ ಆರಂಭವಾಗಿ, ಅವನ ವಿಜಯರಾಜ್ಯ ‘ಆಚಂದ್ರಾರ್ಕತಾರಂಬರಂ’, ಅಂದರೆ ಸೂರ್ಯ ಚಂದ್ರ ತಾರೆಗಳಿರುವವರೆಗೆ, ಸಲುತ್ತಿರಲು ಎಂದು ಮುಂದುವರಿದು, ಆಮೇಲೆ ‘ತತ್ಪಾದಪದ್ಮೋಪಜೀವಿ’, ಅಂದರೆ ಆ ದೊರೆಯ ಪಾದಕಮಲವನ್ನು ಆಶ್ರಯಿಸಿದವನು, ಎಂದು ಅಧಿಕಾರಿಯ ಹೆಸರಿಗೆ ಬರುತ್ತವೆ. ದೊರೆಯ ಹೆಸರು ಕಾಲವನ್ನು ಹೇಳುತ್ತದೆ. ಕೆಲಸ ಯಾರದೆಂಬುದು ಮಾಡಿಸಿದ, ಪ್ರತಿಷ್ಠೆ ಮಾಡಿಸಿದ, ದತ್ತಿ ಬಿಟ್ಟ ಎಂಬ ಕ್ರಿಯಾಪದಕ್ಕೆ ಕರ್ತೃ ಯಾರಿದ್ದಾರೋ ಅದರ ಮೇಲೆ ನಿಂತಿದೆ. ಇಟಗಿಯ ಮಹಾದೇವ ದೇವಾಲಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯದು, 1112ರದು. ಆದರೆ ಕಟ್ಟಿಸಿದವನು ಅವನ ದಂಡನಾಯಕ ಮಹಾದೇವ. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ರಾಜವಂಶದ ಹೆಸರಿದ್ದರೂ ಅದರ ನಿರ್ಮಾಣದಲ್ಲಿ ಅಧಿಕಾರಿ ಕೇತಮಲ್ಲನ ಪಾತ್ರ ತಿಳಿದದ್ದು ಘಟ್ಟದಹಳ್ಳಿಯಲ್ಲಿ ಸಿಕ್ಕ ಶಾಸನದಿಂದ. ಗುಡಿಯ ಸಾಕ್ಷ್ಯ ಗುಡಿಯಂಗಳದಲ್ಲೇ ಇರಬೇಕೆಂದಿಲ್ಲ.

ದತ್ತಿ ಶಾಸನಗಳಲ್ಲಿ ಎಡವುವುದು ಇನ್ನೂ ಹೆಚ್ಚು. ಭೂಮಿಯನ್ನೋ ಸುಂಕವನ್ನೋ ಬಿಟ್ಟುಕೊಟ್ಟವನು ಗುಡಿ ಕಟ್ಟಿಸಿದವನೇ ಆಗಬೇಕಿಲ್ಲ. ದತ್ತಿ ಸಾಬೀತು ಮಾಡುವುದು ಇಷ್ಟೇ: ಆ ಹೊತ್ತಿಗೆ ದೇವರಿಗೆ ಅಲ್ಲಿ ಪೂಜೆ ಸಲ್ಲುತ್ತಿತ್ತು. ಐಹೊಳೆಯ ದುರ್ಗಾ ದೇವಾಲಯದ ಹೆಬ್ಬಾಗಿಲಲ್ಲಿ ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ಆಳ್ವಿಕೆಯ ಶಾಸನವೊಂದಿದೆ. ಅದು ಆದಿತ್ಯನ ಗುಡಿಗೆ ಬಿಟ್ಟ ದತ್ತಿಯದು. ಬರಹ ಇರುವುದು ಬಾಗಿಲಲ್ಲಿ, ಗುಡಿಯ ಗೋಡೆಯಲ್ಲಲ್ಲ. ಹಾಗಾಗಿ ಅದು ಕೊಡುವುದು ಈಚಿನ ಗಡಿಯನ್ನು ಮಾತ್ರ: ಎಂಟನೆಯ ಶತಮಾನದ ಎರಡನೆಯ ಕಾಲುಭಾಗದ ಹೊತ್ತಿಗೆ ಸೂರ್ಯನ ಗುಡಿ ಇತ್ತು. ಅದಕ್ಕೆ ಎಷ್ಟು ಮೊದಲು ಕಟ್ಟಿದ್ದು ಎಂಬುದನ್ನು ಶಿಲ್ಪ ಮತ್ತು ವಾಸ್ತುವಿನಿಂದ ತೀರ್ಮಾನಿಸಬೇಕು. ಈಗಿನ ಹೆಸರನ್ನು ನೋಡಿ ದುರ್ಗೆಯ ಗುಡಿ ಎಂದುಕೊಳ್ಳುವುದೂ ತಪ್ಪಾಗುತ್ತದೆ. ಆ ಹೆಸರು ಬಂದದ್ದು ಮುಂದೆ ಅದನ್ನು ಕೋಟೆಯ ಭಾಗವಾಗಿ ಬಳಸಿದ್ದರಿಂದ.

ಬರಹ ಇರುವ ಕಲ್ಲಿಗೂ ಕಟ್ಟಡಕ್ಕೂ ಇರುವ ನಂಟನ್ನು ಸ್ಥಳದಲ್ಲೇ ಪರೀಕ್ಷಿಸಬಹುದು. ಒಂದೇ ಸಾಲು ಎರಡು ಮೂರು ಕಲ್ಲುಗಳ ಸಂದು ದಾಟಿ ಕ್ರಮ ತಪ್ಪದೆ ಓಡಿದ್ದರೆ, ಗೋಡೆ ಎದ್ದ ಮೇಲೆ ಕೆತ್ತಿದ್ದು. ಗೋಡೆ ಬರಹಕ್ಕಿಂತ ಹಳೆಯದು. ಕಲ್ಲಿನ ಅಂಚಿನಲ್ಲಿ ಅಕ್ಷರ ಅರ್ಧಕ್ಕೆ ತುಂಡಾಗಿದ್ದರೆ, ಸಾಲು ತಲೆಕೆಳಗಾಗಿದ್ದರೆ, ಬೇರೆಡೆಯ ಕಲ್ಲನ್ನು ತಂದು ಬಳಸಿದ್ದಾರೆ. ಆಗ ಬರಹವೇ ಹಳೆಯದು, ಗೋಡೆ ಈಚಿನದು. ಪ್ರತ್ಯೇಕವಾಗಿ ನಿಂತ ಶಾಸನಗಲ್ಲನ್ನು ಯಾರು ಬೇಕಾದರೂ ಸಾಗಿಸಿರಬಹುದು. ಹಾಗಾಗಿ ಅದರಲ್ಲಿರುವ ದೇವರ ಹೆಸರು, ಊರಿನ ಹೆಸರು, ಕೊಟ್ಟ ಭೂಮಿಯ ಎಲ್ಲೆಗಳು ಆ ಜಾಗಕ್ಕೆ ಹೊಂದುವವರೆಗೆ ಅದನ್ನು ಪಕ್ಕದ ಗುಡಿಯದೆಂದು ಒಪ್ಪಿಕೊಳ್ಳಬಾರದು.