‘ನಾವು’ ಅಂದ್ರೆ ಯಾರ್ಯಾರು? ವಾಪಸ್ ಅನುವಾದಕ್ಕೆ ಕಾಣದ ಜಾಗ

ಕಾಸರಗೋಡಿನಲ್ಲಿ ಅನುವಾದದ ಕೆಲಸ ಮಾಡುವ ನನ್ನ ಹತ್ತಿರ ಜನ ಜಾಸ್ತಿ ಕೇಳುವುದು ದೊಡ್ಡ ಕಾಗದಪತ್ರಗಳ ಬಗ್ಗೆ ಅಲ್ಲ, ವಾಟ್ಸಾಪ್‌ನಲ್ಲಿ ಕಳಿಸುವ ಒಂದೆರಡು ಸಾಲಿನ ಬಗ್ಗೆ. ಫೋನಿನಲ್ಲಿ ಕನ್ನಡದಿಂದ ಮಲಯಾಳಕ್ಕೆ ಮಾಡಿದೆ, ಮತ್ತೆ ಕನ್ನಡಕ್ಕೆ ತಿರುಗಿಸಿದೆ, ಸರಿಯಾಗೇ ಬಂತು, ಕಳಿಸಬಹುದಲ್ವಾ? ಹೀಗೆ ತಿರುಗಿಸಿ ನೋಡುವುದು ಒಳ್ಳೆಯ ಅಭ್ಯಾಸವೇ. ಆದರೆ ಅದು ಏನನ್ನು ಹಿಡಿಯುತ್ತೆ, ಏನನ್ನು ಬಿಡುತ್ತೆ ಅಂತ ಗೊತ್ತಿರಬೇಕು.

ಘಟ್ಟದ ಮೇಲಿಂದ ಮದುವೆಯಾಗಿ ಬದಿಯಡ್ಕಕ್ಕೆ ಬಂದ ಹೆಣ್ಣುಮಗಳು ಪಕ್ಕದ ಮನೆಯ ಚೇಚಿಗೆ, ಅಂದರೆ ಮಲಯಾಳಿ ಅಕ್ಕನಿಗೆ, ಬರೆಯುತ್ತಾಳೆ ಅಂದುಕೊಳ್ಳಿ. ‘ನಾವು ನಾಳೆ ಬೇಕಲಕ್ಕೆ ಹೋಗ್ತಿದ್ದೇವೆ. ತಲೆ ಕೆಡಿಸ್ಕೋಬೇಡಿ, ಸಂಜೆ ಬರ್ತೇವೆ.’ ಬರೆದವಳಿಗೆ ಮಲಯಾಳ ಒಂದಕ್ಷರ ಬರುವುದಿಲ್ಲ.

ಕೊನೆಯಿಂದ ನೋಡೋಣ. ಕನ್ನಡದಲ್ಲಿ ‘ಬರ್ತೇವೆ’ ಅಂದರೆ ಸಾಕು, ಯಾರು ಬರುವುದು ಅಂತ ಕ್ರಿಯಾಪದವೇ ಹೇಳುತ್ತೆ. ಮಲಯಾಳದ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ‘ವರುಂ’ ಅಂದರೆ ನಾನೂ ಆಗಬಹುದು, ಅವರೂ ಆಗಬಹುದು, ಬಸ್ಸೂ ಆಗಬಹುದು. ಹಾಗಾಗಿ ವಾಪಸ್ ಬಂದ ಸಾಲಿನಲ್ಲಿ ‘ಸಂಜೆ ಬರುತ್ತಾರೆ’ ಅಂತಲೋ ‘ಬರುತ್ತದೆ’ ಅಂತಲೋ ಇದ್ದರೆ ಮಲಯಾಳದಲ್ಲಿ ‘ನಾವು’ ಬಿದ್ದುಹೋಗಿದೆ ಅಂತ ಅರ್ಥ. ಇಂಥ ತಪ್ಪನ್ನು ತಿರುಗಿಸಿ ನೋಡುವುದು ಚೆನ್ನಾಗಿ ಹಿಡಿಯುತ್ತೆ. ‘ನಾವು ಸಂಜೆ ಬರ್ತೇವೆ’ ಅಂತ ತುಂಬಿಸಿ ಬರೆದು ಇನ್ನೊಮ್ಮೆ ಹಾಕಿ.

‘ತಲೆ ಕೆಡಿಸ್ಕೋಬೇಡಿ’ ಅನ್ನುವ ಕಡೆ ಲೆಕ್ಕ ಉಲ್ಟಾ. ಇಲ್ಲಿ ಬೇರೆ ಮಾತು ವಾಪಸ್ ಬಂದರೇ ಒಳ್ಳೆಯದು. ‘ಚಿಂತೆ ಮಾಡಬೇಡಿ’ ಅಂತ ಬಂದರೆ ಅರ್ಥ ಆಚೆಗೆ ದಾಟಿದೆ. ‘ತಲೆ ಹಾಳುಮಾಡಬೇಡಿ’ ಅಂತ ಬಂದರೆ ದಾಟಿಲ್ಲ. ಬರೆದ ಹಾಗೇ ಅಕ್ಷರಶಃ ಬಂದರೆ ಜನ ಖುಷಿಪಡುತ್ತಾರೆ, ನನಗೆ ಮಾತ್ರ ಆಗಲೇ ಅನುಮಾನ ಜಾಸ್ತಿ, ಯಾಕಂದ್ರೆ ಪದಕ್ಕೆ ಪದ ಇಟ್ಟು ಮಾಡಿದ ಕೆಟ್ಟ ಅನುವಾದವೂ ಅದೇ ದಾರಿಯಲ್ಲಿ ಸಲೀಸಾಗಿ ಹಿಂದೆ ಬರುತ್ತೆ. ಮೊದಲೇ ‘ಚಿಂತೆ ಮಾಡಬೇಡಿ’ ಅಂತ ಬರೆದರೆ ಈ ರಗಳೆಯೇ ಇಲ್ಲ.

ಉಳಿದದ್ದು ‘ನಾವು’. ನಿಜವಾದ ತೊಂದರೆ ಇಲ್ಲೇ. ಮಲಯಾಳದಲ್ಲಿ ಕೇಳುವವರನ್ನೂ ಸೇರಿಸಿದರೆ ‘ನಮ್ಮಳ್’, ಬಿಟ್ಟರೆ ‘ಞಙ್ಙಳ್’. ತುಳು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ‘ನಮ’ ಬೇರೆ, ‘ಎಂಕುಳು’ ಬೇರೆ. ತಮಿಳಿನಲ್ಲಿ ನಾಮ್ ಮತ್ತು ನಾಂಗಳ್, ತೆಲುಗಿನಲ್ಲಿ ಮನಂ ಮತ್ತು ಮೇಮು, ಮರಾಠಿಯಲ್ಲಿ ಆಪಣ ಮತ್ತು ಆಮ್ಹಿ. ನಮ್ಮ ಸುತ್ತ ಇರುವ ಈ ಭಾಷೆಗಳಲ್ಲೆಲ್ಲ ಇರುವ ಭೇದ ಇವತ್ತಿನ ಕನ್ನಡದಲ್ಲಿ ಇಲ್ಲ. ಇಂಗ್ಲಿಷಿನಲ್ಲೂ ಇಲ್ಲ, ಮತ್ತು ಅನುವಾದದ ಎಷ್ಟೋ ತಂತ್ರಾಂಶಗಳು ನಡುವೆ ಇಂಗ್ಲಿಷನ್ನು ಹಾದೇ ಹೋಗುತ್ತವೆ.

ಅಂದರೆ ‘ನಮ್ಮಳ್’ ಅಂತ ಹೋಗಿದ್ದರೂ ವಾಪಸ್ ಬರುವುದು ‘ನಾವು’, ‘ಞಙ್ಙಳ್’ ಅಂತ ಹೋಗಿದ್ದರೂ ‘ನಾವು’. ಚೇಚಿ ನಾಳೆ ಬೆಳಿಗ್ಗೆ ಸೀರೆ ಉಟ್ಟು ಗೇಟಿನ ಹತ್ತಿರ ಕಾಯಬೇಕೋ ಬೇಡವೋ ಅನ್ನುವುದೇ ಈ ಪದದ ಮೇಲೆ ನಿಂತಿದೆ, ಆದರೆ ನಿಮ್ಮ ಪರದೆಯಲ್ಲಿ ಎರಡಕ್ಕೂ ಒಂದೇ ಸಾಲು. (ಉತ್ತರ ಮಲಬಾರಿನ ಆಡುಮಾತಿನಲ್ಲಿ ‘ನಮ್ಮಳ್’ ಸ್ವಲ್ಪ ಸಡಿಲವಾಗಿ ಓಡಾಡುತ್ತೆ, ಆದ್ದರಿಂದ ಚೇಚಿ ಸರಿಯಾಗೇ ತಿಳಿದುಕೊಳ್ಳಲೂಬಹುದು. ಅದನ್ನು ನಂಬಿ ಕಳಿಸಬೇಡಿ.)

ಇಂಥ ಜಾಗ ಇದೆಯೋ ಅಂತ ನೋಡಲು ನಾನು ಮಾಡುವುದು ಇಷ್ಟೇ. ಕನ್ನಡದಲ್ಲಿ ಬೇಕಂತಲೇ ಎರಡು ಸಾಲು ಬರೆಯುತ್ತೇನೆ: ‘ನೀವೂ ಸೇರಿ ನಾವೆಲ್ಲರೂ ಹೋಗ್ತೇವೆ’, ‘ನಾವು ಮನೆಯವರು ಮಾತ್ರ ಹೋಗ್ತೇವೆ’. ಎರಡನ್ನೂ ಮಲಯಾಳಕ್ಕೆ ಮಾಡಿ, ಮೊದಲಿನ ಸಾಲಿನ ಪಕ್ಕ ಇಟ್ಟು ‘ನಾವು’ ಇರುವ ಕಡೆ ಅಕ್ಷರದ ಆಕಾರ ಹೋಲಿಸುವುದು. ಲಿಪಿ ಓದಲು ಬರಬೇಕಂತಿಲ್ಲ, ಬೇರೆ ಪದ ಅಂತ ಕಣ್ಣಿಗೆ ಕಂಡರೆ ಸಾಕು. ಕಂಡಿತು ಅಂದರೆ ಅಲ್ಲಿ ಒಂದು ಆಯ್ಕೆ ಇದೆ, ಅದನ್ನು ತಂತ್ರಾಂಶ ನಿಮ್ಮನ್ನು ಕೇಳದೆ ಮಾಡಿದೆ. ಎರಡೂ ಕಡೆ ಒಂದೇ ಪದ ಬಂದರೆ ಭೇದ ಇಲ್ಲ ಅಂತ ಮಾತ್ರ ತಿಳಿಯಬೇಡಿ, ತಂತ್ರಾಂಶ ಅದನ್ನು ಗಮನಿಸಿಲ್ಲ ಅಂತಲೂ ಆಗಬಹುದು. ಸುಲಭದ ದಾರಿ ‘ನಾವು’ ಅನ್ನುವುದನ್ನೇ ಬಿಟ್ಟು ‘ನಾನು, ಗಂಡ, ಮಕ್ಕಳು’ ಅಂತ ಜನರನ್ನು ಹೆಸರಿಸುವುದು. ಆಗ ವಾಪಸ್ ಬರುವ ಸಾಲಿನಿಂದ ನಿಜಕ್ಕೂ ಏನಾದರೂ ಗೊತ್ತಾಗುತ್ತೆ.

ಮಲಯಾಳ ಬಲ್ಲವರು ಹತ್ತಿರದಲ್ಲಿದ್ದರೆ ಕನ್ನಡದ ಸಾಲು ತೋರಿಸಿ ‘ಇದು ಸರಿಯಾ’ ಅಂತ ಕೇಳಬೇಡಿ. ಮೂಲ ನೋಡಿದವರು ಅದರ ಅರ್ಥವನ್ನೇ ಅನುವಾದದಲ್ಲೂ ಓದಿಬಿಡುತ್ತಾರೆ. ಮಲಯಾಳದ್ದನ್ನು ಮಾತ್ರ ತೋರಿಸಿ, ‘ಬೇಕಲಕ್ಕೆ ಯಾರ್ಯಾರು ಹೋಗ್ತಾರೆ ಹೇಳಿ’ ಅಂತ ಕೇಳಿ.