ಯುಪಿಐ ನಿಲ್ಲುವ ಸೂಚನೆ ಬರೆಯುವುದು: ಒಂದು ಕರಡನ್ನು ಬಿಚ್ಚಿ ನೋಡಿದ ಟಿಪ್ಪಣಿ

ಅಭ್ಯಾಸಕ್ಕೆ ಕೊಟ್ಟ ಸಂದರ್ಭ ಇದು. ಒಂದು ಬ್ಯಾಂಕ್ ಸರ್ವರ್ ಕೆಲಸಕ್ಕಾಗಿ ರಾತ್ರಿ ಮೂರು ಗಂಟೆ ಯುಪಿಐ ನಿಲ್ಲಿಸುತ್ತದೆ, ಗ್ರಾಹಕರಿಗೆ ಮೊದಲೇ ತಿಳಿಸಬೇಕು. ನಾನು ಮೊದಲು ಬರೆದದ್ದು ಹೀಗಿತ್ತು:

"ತಾಂತ್ರಿಕ ಕಾರಣಗಳಿಂದ ಭಾನುವಾರ ರಾತ್ರಿ 12:30ರಿಂದ 3:30ರವರೆಗೆ ಯುಪಿಐ ಸೇವೆ ಸ್ಥಗಿತಗೊಳ್ಳಲಿದೆ. ಗ್ರಾಹಕರು ಆತಂಕ ಪಡಬೇಕಾಗಿಲ್ಲ, ನಿಮ್ಮ ಹಣ ಸುರಕ್ಷಿತವಾಗಿದೆ. ದಯವಿಟ್ಟು ಇತರ ಪಾವತಿ ವಿಧಾನಗಳನ್ನು ಬಳಸಿ."

ನೋಡಲು ಏನೂ ತಪ್ಪಿಲ್ಲ ಅಲ್ವಾ? ಓದಿದವರ ಕಡೆಯಿಂದ ನೋಡಿ. ಅವರು ಹಣದ ಸುದ್ದಿಯನ್ನೇ ಎತ್ತಿರಲಿಲ್ಲ, ನಾವೇ ಎತ್ತಿ "ಸುರಕ್ಷಿತ" ಎಂದೆವು. ಹಾಗಾದರೆ ಏನೋ ಆಗಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. "ತಾಂತ್ರಿಕ ಕಾರಣ" ಎಂಬ ಮಾತೂ ಅಷ್ಟೇ, ಯಾವುದನ್ನೋ ಮುಚ್ಚಿಟ್ಟ ಹಾಗೆ ಕೇಳಿಸುತ್ತದೆ. ಮಾಡುತ್ತಿರುವ ಕೆಲಸ ಏನು ಅಂತ ನೇರವಾಗಿ ಹೇಳಿದರೆ ಹೆದರುವುದಕ್ಕೆ ಜಾಗವೇ ಇರುವುದಿಲ್ಲ.

ಆಮೇಲೆ ಆ ಹೊತ್ತು. ಭಾನುವಾರ ರಾತ್ರಿ 12:30 ಅಂದರೆ ಯಾವ ರಾತ್ರಿ? ಬ್ಯಾಂಕಿನ ಗಡಿಯಾರಕ್ಕೆ ಅದು ಶನಿವಾರ ಮಲಗಿದ ಮೇಲೆ ಬರುವ ಹೊತ್ತು. ಓದುವವರಿಗೆ ಮಾತ್ರ ಭಾನುವಾರ ಊಟ ಮುಗಿದ ಮೇಲಿನದು. ಪೂರಾ ಒಂದು ದಿನದ ವ್ಯತ್ಯಾಸ.

ಜಾಸ್ತಿ ಸಮಯ ಹಿಡಿದದ್ದು "ಇತರ ಪಾವತಿ ವಿಧಾನಗಳು" ಎಂಬ ಮೂರು ಪದ. ಯಾವುದು ಇತರ? ಅದಕ್ಕೆ ಉತ್ತರ ಸಿಗುವುದು ಬ್ಯಾಂಕಿನಲ್ಲಿ ಯಾವ ವ್ಯವಸ್ಥೆ ನಿಂತಿದೆ ಎಂಬುದರ ಮೇಲೆ. ಬ್ಯಾಂಕಿನ ಯುಪಿಐ ಸರ್ವರ್ ಒಂದೇ ನಿಂತಿದ್ದರೆ ಡೆಬಿಟ್ ಕಾರ್ಡ್, ಎಟಿಎಂ, ನೆಟ್ ಬ್ಯಾಂಕಿಂಗ್ ನಡೆಯುತ್ತವೆ. ಆದರೆ ಖಾತೆಗಳ ಲೆಕ್ಕ ಇಡುವ ಮುಖ್ಯ ವ್ಯವಸ್ಥೆಯೇ, ಅಂದರೆ ಕೋರ್ ಬ್ಯಾಂಕಿಂಗ್, ನಿಂತಿದ್ದರೆ ಕಾರ್ಡೂ ಕೈಕೊಡಬಹುದು, ತಕ್ಷಣ ಹಣ ಕಳಿಸುವ ಐಎಂಪಿಎಸ್ ಕೂಡ. ಆಗ "ಕಾರ್ಡ್ ಬಳಸಿ" ಎಂದು ಬರೆದರೆ ಪೆಟ್ರೋಲ್ ಹಾಕಿಸಿಕೊಂಡ ಮೇಲೆ ಕಾರ್ಡ್ ಹಿಡಿದು ನಿಂತವರ ಶಾಪ ನಮಗೇ. ಅದಕ್ಕೇ ಬರೆಯುವ ಮೊದಲು ತಂತ್ರಜ್ಞಾನ ವಿಭಾಗವನ್ನು ಕೇಳಬೇಕಾದ ಪ್ರಶ್ನೆ ಒಂದೇ: ಆ ಮೂರು ಗಂಟೆ ಯಾವುದು ಖಂಡಿತ ನಡೆಯುತ್ತದೆ? ಅವರು ಹೇಳಿದ್ದಷ್ಟೇ ಸೂಚನೆಯಲ್ಲಿ ಇರಬೇಕು.

ಯುಪಿಐ ಲೈಟ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಹಣ ಮೊದಲೇ ಬೇರೆ ತೆಗೆದಿಟ್ಟಿರುತ್ತದೆ, ಪ್ರತಿ ಸಲ ಖಾತೆಯನ್ನು ಮುಟ್ಟಬೇಕಿಲ್ಲ. ಹಾಗಾಗಿ ಬ್ಯಾಂಕಿನ ಕಡೆ ಕೆಲಸ ನಡೆಯುವಾಗಲೂ ಸಣ್ಣ ಪಾವತಿ ಸಾಗಬಹುದು. ಒಂದು ಸಲಕ್ಕೆ 1,000 ರೂಪಾಯಿ, ಒಟ್ಟು ಇಡಬಹುದಾದ್ದು 5,000. ಆದರೆ ಸೇವೆ ನಿಂತ ಮೇಲೆ ಅದಕ್ಕೆ ಹಣ ತುಂಬಲು ಆಗುವುದಿಲ್ಲ, ಆದ್ದರಿಂದ ಈ ಸಲಹೆ ಮೊದಲೇ ಹೋಗದಿದ್ದರೆ ಸುಮ್ನೆ. ಮತ್ತೆ ತೊಂದರೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಕಡೆಯೇ ಆಗಿದ್ದರೆ ಲೈಟ್‌ನ ಮಾತೇ ಎತ್ತಬೇಡಿ.

ನನ್ನ ಕರಡಿನಲ್ಲಿ ಇಲ್ಲದೇ ಹೋದದ್ದು "ಪೆಂಡಿಂಗ್". ಗ್ರಾಹಕರಿಗೆ ನಿಜವಾಗಿ ಎದೆ ಹೊಡೆದುಕೊಳ್ಳುವುದು ಆವಾಗಲೇ. ಹಣ ಕಟ್ ಆದ ಮೆಸೇಜ್ ಬಂದಿದೆ, ಅಂಗಡಿಯ ಸೌಂಡ್‌ಬಾಕ್ಸ್ ಮಾತಾಡಿಲ್ಲ, ಹಿಂದೆ ಕ್ಯೂ ಇದೆ, ಇನ್ನೊಂದು ಸಲ ಒತ್ತುತ್ತಾರೆ. ಒಮ್ಮೊಮ್ಮೆ ಎರಡೂ ಹೋಗುತ್ತವೆ. ಇದಕ್ಕೆ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ಒಬ್ಬರಿಗೆ ಕಳಿಸಿದ್ದು ತಲುಪದಿದ್ದರೆ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟು ಅಲ್ಲಿ ಖಚಿತವಾಗದಿದ್ದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. "ಹಣ ಸುರಕ್ಷಿತ" ಎನ್ನುವ ಬದಲು ಈ ದಿನಗಳ ಲೆಕ್ಕ ಬರೆಯಿರಿ, ಓದುವವರಿಗೆ ಹಿಡಿಯಲು ಏನೋ ಸಿಗುತ್ತದೆ.

ತಿದ್ದಿದ ಮೇಲೆ ಹೀಗಾಯಿತು. ಕಾರ್ಡ್, ಎಟಿಎಂ ನಡೆಯುತ್ತವೆ ಎಂದು ಖಚಿತವಾಗಿದೆ ಅಂದುಕೊಳ್ಳಿ:

"ಶನಿವಾರ (14ನೇ ತಾರೀಕು) ರಾತ್ರಿ ಕಳೆದು ಭಾನುವಾರ (15) ನಸುಕಿನ 12:30ರಿಂದ 3:30ರವರೆಗೆ ನಮ್ಮ ಬ್ಯಾಂಕ್ ಖಾತೆಯಿಂದ ಯುಪಿಐ ಪಾವತಿ ಆಗುವುದಿಲ್ಲ. ಯುಪಿಐ ಸರ್ವರ್ ಬದಲಾಯಿಸುತ್ತಿದ್ದೇವೆ. ಡೆಬಿಟ್ ಕಾರ್ಡ್ ಮತ್ತು ಎಟಿಎಂ ಎಂದಿನಂತೆ ಇರುತ್ತವೆ. ಯುಪಿಐ ಲೈಟ್ ಬಳಸುವವರು ಶನಿವಾರ ರಾತ್ರಿ 12ರೊಳಗೆ ಹಣ ಹಾಕಿಕೊಳ್ಳಿ. ಪಾವತಿ ಪೆಂಡಿಂಗ್ ಎಂದು ತೋರಿಸಿದರೆ ಮತ್ತೆ ಕಳಿಸಬೇಡಿ. ಅದು ತಲುಪದಿದ್ದರೆ ವ್ಯಕ್ತಿಗೆ ಕಳಿಸಿದ್ದು ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು 5 ದಿನದೊಳಗೆ ಖಾತೆಗೆ ಮರಳುತ್ತದೆ."

ಲಿಂಕ್ ಹಾಕಿಲ್ಲ, ಬೇಕೆಂದೇ. ಇಂಥ ಸೂಚನೆಯ ನಕಲು ಮಾಡಿ ಲಿಂಕ್ ಸೇರಿಸಿ ಕಳಿಸುವ ಮೋಸಗಾರರು ಇದ್ದಾರೆ. ನಮ್ಮ ಸೂಚನೆಯಲ್ಲಿ ಲಿಂಕ್ ಬರುವುದೇ ಇಲ್ಲ ಅಂತ ಗ್ರಾಹಕರಿಗೆ ರೂಢಿಯಾಗಿದ್ದರೆ ಅಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಇನ್ನು ಕೆಲಸ 3:30ಕ್ಕೆ ಮುಗಿಯದೇ ಹೋದರೆ 3:30ಕ್ಕೆ ಮುಂಚೆಯೇ ಹೊಸ ಹೊತ್ತು ಹಾಕಿ ಇನ್ನೊಂದು ಸಾಲು ಕಳಿಸಬೇಕು. ಆ ಸಾಲನ್ನೂ ಶನಿವಾರವೇ ಬರೆದಿಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಅನುಮತಿ ಕೊಡುವವರು ಎದ್ದಿರುವುದಿಲ್ಲ.